ಇಪ್ಪತ್ತೆರಡು ವಾಪಸು, ಒಂದು ಪತ್ರ

(ಡೊಂಬಿವಲಿಯಲ್ಲಿ ಕನ್ನಡಿಗರ ಭಾನುವಾರದ ಕೂಟವೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಕಳೆದ ಚೌತಿ ಮುಗಿದ ಮರುವಾರ ನಮ್ಮ ಅತ್ತಿಗೆ ಬೆಳಗ್ಗೆ ಎಂಟು ಗಂಟೆಗೇ ನಮ್ಮ ಮನೆ ಬಾಗಿಲು ತಟ್ಟಿದರು. ಕೈಯಲ್ಲಿ ಮೊಬೈಲ್, ಮುಖದಲ್ಲಿ ಬಣ್ಣವಿಲ್ಲ. "ನನ್ನನ್ನು ಕಳ್ಳಿ ಎಂದುಬಿಟ್ಟರು ನೋಡಿ" ಎಂದರು. ಅವರು ನಾಲ್ಕೈದು ವರ್ಷಗಳಿಂದ ಸಾಮಾನು ತರಿಸುತ್ತಿದ್ದ ಆನ್‌ಲೈನ್ ಮಾರುಕಟ್ಟೆಯೊಂದು ರಾತ್ರೋರಾತ್ರಿ ಅವರ ಖಾತೆಯನ್ನು ಮುಚ್ಚಿತ್ತು. ಬಂದ ಮೇಲ್‌ನಲ್ಲಿ ಕಳ್ಳಿ ಎಂಬ ಮಾತೇನೂ ಇರಲಿಲ್ಲ. "ನಿಮ್ಮ ಖಾತೆಯಲ್ಲಿ ವಾಪಸುಗಳ ಪ್ರಮಾಣ ಅಸಹಜವಾಗಿದೆ, ನಮ್ಮ ಷರತ್ತುಗಳಂತೆ ಖಾತೆಯನ್ನು ನಿಲ್ಲಿಸಲಾಗಿದೆ" ಎಂಬ ಅರ್ಥದ ಎರಡೇ ಸಾಲು. ಮೂವತ್ತು ವರ್ಷ ಮನೆಯ ಖರ್ಚನ್ನು ಪೈಸೆ ಪೈಸೆಗೂ ಬರೆದಿಟ್ಟ ಹೆಂಗಸಿಗೆ ಆ ಎರಡು ಸಾಲು ಕೆನ್ನೆಗೆ ಹೊಡೆದಂತೆ ಆಗಿತ್ತು.

ಅವರ ಒಪ್ಪಿಗೆ ಪಡೆದೇ ಈ ಕಥೆಯನ್ನು ಹೇಳುತ್ತಿದ್ದೇನೆ. ಇಲ್ಲೇ ಮೂರನೆಯ ಸಾಲಿನಲ್ಲಿ ಕುಳಿತಿದ್ದಾರೆ. ನಾನು ವಕೀಲನಲ್ಲ. ಫೋರ್ಟ್‌ನ ಕಂಪನಿಯೊಂದರಲ್ಲಿ ಲೆಕ್ಕ ಬರೆದು ನಿವೃತ್ತನಾದವನು. ಹಾಗಾಗಿ ನಾನು ಮೊದಲು ಕೇಳಿದ್ದು ನ್ಯಾಯವನ್ನಲ್ಲ, ಲೆಕ್ಕವನ್ನು. "ಅತ್ತಿಗೆ, ಒಂದು ವರ್ಷದಲ್ಲಿ ಎಷ್ಟು ತರಿಸಿದ್ದೀರಿ, ಎಷ್ಟು ವಾಪಸು ಕಳಿಸಿದ್ದೀರಿ?" ಅವರು "ಹತ್ತಿರಬಹುದು" ಎಂದರು. ಅದೃಷ್ಟಕ್ಕೆ ಖಾತೆಯೊಳಗೆ ಹೋಗಲು ಇನ್ನೂ ಆಗುತ್ತಿತ್ತು, ಹೊಸದಾಗಿ ಕೊಳ್ಳಲು ಮಾತ್ರ ಆಗುತ್ತಿರಲಿಲ್ಲ. ಎಲ್ಲ ಖಾತೆಗಳಲ್ಲೂ ಈ ಅನುಕೂಲ ಸಿಗುವುದಿಲ್ಲ. ಸಿಕ್ಕರೆ ಮೊದಲ ದಿನವೇ ಬಿಲ್ಲುಗಳನ್ನೂ ವಾಪಸಿನ ವಿವರಗಳನ್ನೂ ಇಳಿಸಿಕೊಳ್ಳಬೇಕು. ನಾಳೆ ಆ ಬಾಗಿಲೂ ಮುಚ್ಚಬಹುದು. ಮಿಕ್ಸರ್, ಫ್ಯಾನ್‌ಗಳಂಥ ವಸ್ತುಗಳ ವಾರಂಟಿ ನಿಂತಿರುವುದು ಆ ಬಿಲ್ಲಿನ ಮೇಲೆಯೇ. ಒಳಗೆ ಹೋಗಲು ಆಗದಿದ್ದರೆ ಹಳೆಯ ಮೇಲ್‌ಗಳು, ಸಂದೇಶಗಳು, ಬ್ಯಾಂಕಿನ ಪಾಸ್‌ಬುಕ್ಕು ಇವೇ ಆಧಾರ.

ಊಟದ ಮೇಜಿನ ಮೇಲೆ ಉದ್ದ ಪುಸ್ತಕ ಬಿಚ್ಚಿ ಕುಳಿತೆವು. ಹನ್ನೆರಡು ತಿಂಗಳಲ್ಲಿ ತರಿಸಿದ್ದು 64 ವಸ್ತು. ವಾಪಸು ಹೋದದ್ದು ಹತ್ತಲ್ಲ, 22. ಎಣಿಕೆಯಲ್ಲಿ ಮೂರಕ್ಕೆ ಒಂದು. ಹಣದಲ್ಲಿ ನೋಡಿದರೆ ಇನ್ನೂ ಹೆಚ್ಚು. ಸುಮಾರು ಒಂದು ಲಕ್ಷದ ಖರೀದಿಯಲ್ಲಿ ಅರ್ಧದಷ್ಟು ವಾಪಸಾಗಿತ್ತು, ಏಕೆಂದರೆ ವಾಪಸು ಹೋದವುಗಳಲ್ಲಿ ಹದಿನೆಂಟು ಸಾವಿರದ ಒಂದು ಮೊಬೈಲ್ ಮತ್ತು ಮದುವೆಗೆಂದು ತರಿಸಿದ ಮೂರು ರೇಷ್ಮೆ ಸೀರೆಗಳಿದ್ದವು. ಅತ್ತಿಗೆ ಪೆನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನಾದರು.

ನಂತರ ಪ್ರತಿ ವಾಪಸಿನ ಎದುರು ನಿಜವಾದ ಕಾರಣವನ್ನು ಬರೆದೆವು. ಆರು ವಸ್ತುಗಳು ಕೆಟ್ಟಿದ್ದವು ಅಥವಾ ಬೇರೆಯೇ ಬಂದಿದ್ದವು: ಜಾರ್ ಸೋರುವ ಮಿಕ್ಸರ್, ತಗ್ಗುಬಿದ್ದ ಕುಕ್ಕರ್, ಪರದೆಯ ಮೇಲೆ ಹಸಿರು ಗೆರೆ ಮೂಡಿದ ಆ ಮೊಬೈಲ್, ಹೀಗೆ. ಮೂರು ವಸ್ತುಗಳು ಹೇಳಿದ ದಿನ ದಾಟಿ, ಸಮಾರಂಭ ಮುಗಿದ ಮೇಲೆ ಬಂದಿದ್ದವು. ಒಂಬತ್ತು ಅಳತೆಗೆ ಕೂಡದ ಬಟ್ಟೆ, ಚಪ್ಪಲಿ. ಈ ಒಂಬತ್ತರಲ್ಲಿ ಐದನ್ನು, ಎರಡು ಅಳತೆ ತರಿಸಿ ಒಂದನ್ನು ಇಟ್ಟುಕೊಳ್ಳುವ ಲೆಕ್ಕದಲ್ಲೇ ತರಿಸಿದ್ದರು. ಉಳಿದ ನಾಲ್ಕು ಮನಸ್ಸು ಬದಲಾದವು. ಮೂರು ಸೀರೆ, ಒಂದು ದೀಪ.

ಇಲ್ಲಿಯವರೆಗೆ ಎಲ್ಲವೂ ಸರಳ. ನಾನು ಈ ಉಪನ್ಯಾಸಕ್ಕೆ ಒಪ್ಪಿದ್ದು ಮುಂದೆ ಕಂಡದ್ದಕ್ಕಾಗಿ. ವಾಪಸು ಕಳಿಸುವಾಗ ಆ್ಯಪ್ "ಕಾರಣವೇನು?" ಎಂದು ಕೇಳುತ್ತದೆಯಲ್ಲ, ಅಲ್ಲಿ ಅತ್ತಿಗೆ ಒತ್ತಿದ್ದ ಕಾರಣಗಳನ್ನೂ ಪಕ್ಕದ ಅಂಕಣದಲ್ಲಿ ಬರೆದೆವು. ಎರಡು ಅಂಕಣ ಕೂಡಲಿಲ್ಲ. ನಿಜವಾಗಿ ಕೆಟ್ಟದ್ದು ಆರು. ಆದರೆ "ದೋಷವಿದೆ" ಎಂದು ಒತ್ತಿದ್ದು ಹದಿಮೂರು. ಅಳತೆ ಕೂಡದ ಐದಕ್ಕೂ ಎರಡು ಸೀರೆಗೂ ದೋಷವಿದೆ ಎಂದೇ ಒತ್ತಿದ್ದರು. ಏಕೆ ಎಂದು ಕೇಳಿದೆ. "ಬೇಡವಾಯಿತು ಎಂದರೆ ತಗೊಳ್ಳುವುದೇ ಇಲ್ಲ ಎನ್ನುತ್ತಿತ್ತು. ದೋಷ ಎಂದು ಒತ್ತಿದರೆ ಮರುದಿನವೇ ಹುಡುಗ ಬಂದು ಒಯ್ಯುತ್ತಿದ್ದ. ಎಲ್ಲರೂ ಹಾಗೇ ಮಾಡುತ್ತಾರೆ ಅಂದುಕೊಂಡೆ." ಇನ್ನೊಂದು ಕಡೆ, ತಡವಾಗಿ ಬಂದ ಮೂರಕ್ಕೆ "ಈಗ ಬೇಡ" ಎಂದು ಒತ್ತಿ, ತಮ್ಮದಲ್ಲದ ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡಿದ್ದರು.

ಕಂಪನಿಯ ಕಡೆಯಿಂದ ಒಮ್ಮೆ ನೋಡಿ. ಅವರಿಗೆ ಅತ್ತಿಗೆಯ ಮುಖ ಕಾಣುವುದಿಲ್ಲ, ಒತ್ತಿದ ಗುಂಡಿ ಕಾಣುತ್ತದೆ. ವಾಪಸು ಬಂದ ವಸ್ತುವನ್ನು ಗೋದಾಮಿನಲ್ಲಿ ಬಿಚ್ಚಿ ಪರೀಕ್ಷಿಸುತ್ತಾರೆ. ದೋಷವೆಂದು ಬಂದ ಹದಿಮೂರರಲ್ಲಿ ಏಳು ಸರಿಯಾಗಿಯೇ ಇದ್ದರೆ, ಅವರ ಲೆಕ್ಕದಲ್ಲಿ ಈ ಗಿರಾಕಿ ಸುಳ್ಳು ಹೇಳುವವಳು. ಬಟ್ಟೆಯನ್ನು ಉಟ್ಟು ವಾಪಸು ಕಳಿಸುವವರು, ಹೊಸ ಮೊಬೈಲ್‌ನ ಪೆಟ್ಟಿಗೆಯಲ್ಲಿ ಹಳೆಯದನ್ನು ಇಟ್ಟು ಕಳಿಸುವವರು, ಬಂದ ವಸ್ತುವನ್ನು ಬಂದಿಲ್ಲ ಎನ್ನುವವರು ಇದ್ದಾರೆ. ಅವರನ್ನು ಹಿಡಿಯಲು ಹಾಕಿದ ಬಲೆಗೆ ಅತ್ತಿಗೆ ಬಿದ್ದಿದ್ದರು, ಮತ್ತು ಬಲೆಯ ಕಡೆಗೆ ಅರ್ಧ ದಾರಿಯನ್ನು ತಾವೇ ನಡೆದಿದ್ದರು.

ಇದರ ಇನ್ನೊಂದು ತುದಿಯನ್ನೂ ನಾನು ಕಣ್ಣಾರೆ ನೋಡಿದ್ದೇನೆ. ಉಲ್ಹಾಸನಗರದಲ್ಲಿ ನಮ್ಮ ಪರಿಚಯದ ಕನ್ನಡದ ಹೆಣ್ಣುಮಗಳೊಬ್ಬರು ಸೀರೆ, ಮಕ್ಕಳ ಉಡುಪುಗಳನ್ನು ಇಂಥ ಮಾರುಕಟ್ಟೆಗಳ ಮೂಲಕ ಮಾರುತ್ತಾರೆ. ಹತ್ತಕ್ಕೆ ಹತ್ತಡಿಯ ಕೋಣೆ. ಗೋಡೆಗೆ ಒತ್ತಿಟ್ಟ ವಾಪಸು ಪೊಟ್ಟಣಗಳು ಸೊಂಟದೆತ್ತರಕ್ಕೆ ಬಂದಿದ್ದವು. ನನ್ನ ಮುಂದೆ ಒಂದನ್ನು ಬಿಚ್ಚಿದರು. ಹಸಿರು ಸೀರೆ. ನೆರಿಗೆ ಬರುವ ಜಾಗದಲ್ಲಿ ಸೇಫ್ಟಿ ಪಿನ್ನಿನ ನಾಲ್ಕು ತೂತು, ಸೆರಗಿನ ಅಂಚಿಗೆ ಬೆರಳಗಲದ ಅರಿಶಿನದ ಕಲೆ. ಕಾರಣದ ಜಾಗದಲ್ಲಿ "ದೋಷಯುಕ್ತ" ಎಂದಿತ್ತು. ಅವರು ಅದನ್ನು ಮತ್ತೆ ಮಡಚಿ ಬದಿಗಿಟ್ಟರು, ಒಂದು ಮಾತೂ ಆಡಲಿಲ್ಲ. ಹೋಗುವ ಬರುವ ಸಾಗಣೆಯ ಖರ್ಚು ಎಷ್ಟೋ ಸಲ ಅವರ ತಲೆಗೇ ಬರುತ್ತದೆ. ಅತ್ತಿಗೆ ಎಂದೂ ಉಟ್ಟ ಸೀರೆಯನ್ನು ಕಳಿಸಿದವರಲ್ಲ. ಆದರೆ ಒತ್ತಿದ ಗುಂಡಿ ಅದೇ.

ಈಗ ಏನು ಮಾಡಬೇಕು? ಅತ್ತಿಗೆಯ ಮಗ ಪುಣೆಯಿಂದ ಫೋನಿನಲ್ಲೇ ಕೂಗಾಡುತ್ತಿದ್ದ. ಬೇರೆ ಸಂಖ್ಯೆಯಿಂದ ಹೊಸ ಖಾತೆ ತೆರೆಯೋಣ, ಕೋರ್ಟಿಗೆ ಎಳೆಯೋಣ, ಬ್ಯಾಂಕಿಗೆ ಹೇಳಿ ಹಣವನ್ನೆಲ್ಲ ವಾಪಸು ಎಳೆಸೋಣ ಎನ್ನುತ್ತಿದ್ದ. ನಾನು ಅವನಿಗೆ ಹೇಳಿದ್ದು ಇಷ್ಟೇ: ಇಲ್ಲಿ ಮೂರು ಬೇರೆ ಬೇರೆ ಪ್ರಶ್ನೆಗಳಿವೆ, ಅವನ್ನು ಕಲಸಿದರೆ ಮೂರೂ ಕೆಡುತ್ತವೆ.

ಮೊದಲನೆಯದು ಬರಬೇಕಾದ ಹಣ. ಸೋರುವ ಮಿಕ್ಸರನ್ನು ಹುಡುಗ ಒಯ್ದಾಗಿತ್ತು, ಅದರ 3,249 ರೂಪಾಯಿ ಬಂದಿರಲಿಲ್ಲ. ಇದು ಹಕ್ಕಿನ ಮಾತು. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರದ್ದು, ಅದರಡಿ ಆನ್‌ಲೈನ್ ವ್ಯಾಪಾರದ ನಿಯಮಗಳು ಬಂದದ್ದು 2020ರ ಜುಲೈನಲ್ಲಿ. ವಸ್ತು ದೋಷದ್ದಾಗಿದ್ದರೆ, ನಕಲಿಯಾಗಿದ್ದರೆ, ಜಾಹೀರಾತಿನಲ್ಲಿ ಹೇಳಿದಂತೆ ಇಲ್ಲದಿದ್ದರೆ ಅಥವಾ ಹೇಳಿದ ಸಮಯ ದಾಟಿ ಬಂದಿದ್ದರೆ ಮಾರಾಟಗಾರರು ಅದನ್ನು ಹಿಂದಕ್ಕೆ ಪಡೆಯಲು ನಿರಾಕರಿಸುವಂತಿಲ್ಲ ಎಂದು ಆ ನಿಯಮಗಳು ಹೇಳುತ್ತವೆ. ತಡವಾದದ್ದಕ್ಕೆ ಪ್ರವಾಹದಂಥ ಕೈಮೀರಿದ ಕಾರಣವಿದ್ದರೆ ಮಾತು ಬೇರೆ. ಖಾತೆ ಮುಚ್ಚಿದ್ದೇವೆ ಎಂಬುದು ಈ ಹಣವನ್ನು ಇಟ್ಟುಕೊಳ್ಳಲು ಕಾರಣವಾಗುವುದಿಲ್ಲ. ಎರಡನೆಯದು ಖಾತೆಯಲ್ಲಿ ಸಿಕ್ಕಿಬಿದ್ದಿದ್ದ ಉಡುಗೊರೆ ಕಾರ್ಡಿನ 1,150 ರೂಪಾಯಿ. ಅದೂ ಯಾರೋ ದುಡ್ಡು ಕೊಟ್ಟು ಕೊಂಡದ್ದೇ, ಕೇಳಬೇಕಾದದ್ದೇ.

ಮೂರನೆಯದು ಖಾತೆ. ಇದು ಬೇರೆ ಜಾತಿಯದು. ಖಾತೆ ತೆರೆಯುವಾಗ ನಾವು ಓದದೆ ಒಪ್ಪಿದ ಷರತ್ತುಗಳಲ್ಲಿ ಸೇವೆ ನಿಲ್ಲಿಸುವ ಅಧಿಕಾರವನ್ನು ಕಂಪನಿ ಸಾಮಾನ್ಯವಾಗಿ ಇಟ್ಟುಕೊಂಡಿರುತ್ತದೆ. ಒಂದು ಅಂಗಡಿ ನಮ್ಮೊಂದಿಗೆ ಮುಂದೆಯೂ ವ್ಯವಹಾರ ಮಾಡಲೇಬೇಕೆಂದು ಹಟ ಹಿಡಿಯುವುದು ಕಷ್ಟ. ಆದರೆ ಅದೇ 2020ರ ನಿಯಮಗಳಲ್ಲಿ ಇನ್ನೊಂದು ಮಾತಿದೆ: ಕಾಯ್ದೆಯಡಿ ಇರುವ ಹಕ್ಕುಗಳಿಗೆ ಧಕ್ಕೆಯಾಗುವಂತೆ ಗ್ರಾಹಕರನ್ನು ಮನಬಂದಂತೆ ವಿಂಗಡಿಸಬಾರದು. ನಮ್ಮ ವಾದಕ್ಕೆ ಅಷ್ಟು ಜಾಗ ಸಾಕು. ಕೆಟ್ಟ ಆರನ್ನೂ ತಡವಾದ ಮೂರನ್ನೂ ವಾಪಸು ಕೊಡಲು ನಿಯಮವೇ ಅವಕಾಶ ಕೊಟ್ಟಿದೆ. ಆ ಒಂಬತ್ತನ್ನು ಅತ್ತಿಗೆಯ ವಿರುದ್ಧ ಎಣಿಸಬೇಡಿ ಎಂದು ಕೇಳಬಹುದು. ಉಳಿದ ಹದಿಮೂರು ಅವರ ಲೆಕ್ಕಕ್ಕೇ ಸೇರಿದವು. ಖಾತೆಯ ವಿಷಯದಲ್ಲಿ ಬೇಡಿಕೆಯಲ್ಲ, ವಿನಂತಿ.

ಅತ್ತಿಗೆ ಮೊದಲು ಬರೆದ ಪತ್ರದಲ್ಲಿ ಹದಿನಾಲ್ಕು "ಅನ್ಯಾಯ"ಗಳಿದ್ದವು, ನಾನು ಎಣಿಸಿದೆ. ಒಂದೇ ಒಂದು ಆರ್ಡರ್ ಸಂಖ್ಯೆ ಇರಲಿಲ್ಲ. ಅದನ್ನು ಹರಿಯದೆ ಪಕ್ಕಕ್ಕಿಟ್ಟು ಮತ್ತೊಂದನ್ನು ಬರೆದೆವು. ಮೊದಲು ಕನ್ನಡದಲ್ಲಿ ಬರೆದು, ಮೊಮ್ಮಗಳ ಕೈಯಲ್ಲಿ ಇಂಗ್ಲಿಷ್ ಮಾಡಿಸಿದೆವು. ಕನ್ನಡದ್ದು ಹೀಗಿತ್ತು:

"ನನ್ನ ಖಾತೆಯನ್ನು ಹೆಚ್ಚು ವಾಪಸುಗಳ ಕಾರಣಕ್ಕೆ ನಿಲ್ಲಿಸಿದ್ದೀರಿ. ಹಿಂದಿನ ಹನ್ನೆರಡು ತಿಂಗಳಲ್ಲಿ ನಾನು 64 ವಸ್ತುಗಳನ್ನು ತರಿಸಿ 22ನ್ನು ವಾಪಸು ಮಾಡಿದ್ದೇನೆ. ಪ್ರತಿಯೊಂದರ ಆರ್ಡರ್ ಸಂಖ್ಯೆ ಮತ್ತು ನಿಜವಾದ ಕಾರಣವನ್ನು ಇದರೊಂದಿಗೆ ಲಗತ್ತಿಸಿದ್ದೇನೆ. ಇವುಗಳಲ್ಲಿ 6 ದೋಷವಿದ್ದವು ಅಥವಾ ಬೇರೆ ವಸ್ತುಗಳು. ನಾಲ್ಕಕ್ಕೆ ಫೋಟೋಗಳಿವೆ, ಎರಡಕ್ಕೆ ಇಲ್ಲ. 3 ನೀವು ತಿಳಿಸಿದ ದಿನದ ನಂತರ ಬಂದವು. ಉಳಿದ 13 ಅಳತೆ ಕೂಡದ ಅಥವಾ ನಾನು ಮನಸ್ಸು ಬದಲಿಸಿದ ವಸ್ತುಗಳು. ಆ 13ರಲ್ಲಿ ಏಳಕ್ಕೆ ನಾನು 'ದೋಷವಿದೆ' ಎಂಬ ತಪ್ಪು ಕಾರಣವನ್ನು ಆರಿಸಿದ್ದೇನೆ. ಅದು ನನ್ನ ತಪ್ಪು. ಯಾವ ವಸ್ತುವನ್ನೂ ಬಳಸಿ ವಾಪಸು ಮಾಡಿಲ್ಲ. ಮೊದಲನೆಯದಾಗಿ, ವಾಪಸು ಪಡೆದ ಮಿಕ್ಸರಿನ 3,249 ರೂಪಾಯಿಯನ್ನು ನಾನು ಹಣ ಕಟ್ಟಿದ ಬ್ಯಾಂಕ್ ಖಾತೆಗೆ ಹಾಕಿ. ಎರಡನೆಯದಾಗಿ, ಉಡುಗೊರೆ ಕಾರ್ಡಿನ 1,150 ರೂಪಾಯಿ ನನಗೆ ಹೇಗೆ ಸಿಗುತ್ತದೆ ಎಂದು ತಿಳಿಸಿ. ಮೂರನೆಯದಾಗಿ, ಮೇಲಿನ 9ನ್ನು ಬಿಟ್ಟು ನನ್ನ ಖಾತೆಯನ್ನು ಮನುಷ್ಯರೊಬ್ಬರು ಮತ್ತೊಮ್ಮೆ ಪರಿಶೀಲಿಸಬೇಕೆಂದು ಕೋರುತ್ತೇನೆ. ಬಟ್ಟೆ, ಚಪ್ಪಲಿಗಳ ವಾಪಸಿಗೆ ಮಿತಿ ಹಾಕಿದರೂ ಒಪ್ಪುತ್ತೇನೆ."

"ಅದು ನನ್ನ ತಪ್ಪು" ಎಂಬಲ್ಲಿ ಅತ್ತಿಗೆಯ ಪೆನ್ನು ನಿಂತಿತು. "ಇದನ್ನು ನಾವೇ ಬರೆದುಕೊಟ್ಟರೆ ನಾಳೆ ಅದನ್ನೇ ಹಿಡಿದು ಹೊಡೆಯುವುದಿಲ್ಲವೇ?" ಎಂದು ಕೇಳಿದರು. ನ್ಯಾಯವಾದ ಭಯ. ಆದರೆ ಆ ಏಳು ವಸ್ತುಗಳ ಪರೀಕ್ಷೆಯ ವರದಿ ಈಗಾಗಲೇ ಅವರ ಕೈಯಲ್ಲಿರುತ್ತದೆ. ನಾವು ಮುಚ್ಚಿಟ್ಟರೆ, ನಿಜವಾಗಿ ಕೆಟ್ಟಿದ್ದ ಆರನ್ನೂ ಅವರು ನಂಬುವುದಿಲ್ಲ. ಒಪ್ಪಿಕೊಳ್ಳಲು ಇನ್ನೊಂದು ಕಾರಣವೂ ಇತ್ತು. ಆ ಏಳು ದೋಷಗಳು ಯಾರೋ ಮಾರಾಟಗಾರರ ಹೆಸರಿಗೆ ಅಂಟಿದ್ದವು. ಉಲ್ಹಾಸನಗರದ ಕೋಣೆಯ ಸಂಗತಿಯನ್ನು ಹೇಳಿದಾಗ ಅತ್ತಿಗೆ ಮತ್ತೆ ಪೆನ್ನು ಹಿಡಿದರು. ನೀವು ಬಳಸಿಯೇ ವಾಪಸು ಮಾಡಿದ್ದರೆ "ಬಳಸಿಲ್ಲ" ಎಂಬ ಸಾಲನ್ನು ಬರೆಯಬೇಡಿ, ಅದೊಂದು ಸಾಲು ಇಡೀ ಪತ್ರವನ್ನು ಮುಳುಗಿಸುತ್ತದೆ. ಮೋಸದ ಆರೋಪವನ್ನೇ ಹೊರಿಸಿ ಪೊಲೀಸರ ಮಾತೆತ್ತಿದ್ದರೆ ಮಾತ್ರ ಪತ್ರ ಬರೆಯುವ ಮೊದಲು ವಕೀಲರನ್ನು ಕಾಣಿ.

ಪತ್ರ ಯಾರಿಗೆ? ಚಾಟ್‌ನಲ್ಲಿ ಕುಳಿತ ಹುಡುಗರಿಗಲ್ಲ. ಮುಚ್ಚಿದ ಖಾತೆಯನ್ನು ತೆರೆಯುವ ಅಧಿಕಾರ ಅವರಿಗೆ ಇರುವುದಿಲ್ಲ, ಪಾಪ, ಬೈಗುಳ ಮಾತ್ರ ಅವರ ಪಾಲಿಗೆ. 2020ರ ನಿಯಮಗಳಂತೆ ಪ್ರತಿ ಕಂಪನಿಯೂ ಕುಂದುಕೊರತೆ ಅಧಿಕಾರಿಯನ್ನು ನೇಮಿಸಿ, ಹೆಸರು, ಹುದ್ದೆ, ಸಂಪರ್ಕವನ್ನು ತನ್ನ ತಾಣದಲ್ಲೇ ಪ್ರಕಟಿಸಬೇಕು. ಸಾಮಾನ್ಯವಾಗಿ ಪುಟದ ತೀರಾ ಕೆಳಗೆ Grievance Officer ಎಂದು ಸಣ್ಣ ಅಕ್ಷರದಲ್ಲಿ ಇರುತ್ತದೆ. ದೂರು ತಲುಪಿದ್ದನ್ನು ಆ ಅಧಿಕಾರಿ 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಇತ್ಯರ್ಥ ಮಾಡಬೇಕು. ಸಂಪರ್ಕವನ್ನು ಕಂಪನಿಯ ಸ್ವಂತ ತಾಣದಿಂದಲೇ ತೆಗೆದುಕೊಳ್ಳಿ. ಗೂಗಲ್‌ನಲ್ಲಿ ಹುಡುಕಿ ಸಿಕ್ಕಿದ "ಗ್ರಾಹಕ ಸೇವೆ" ಸಂಖ್ಯೆಗೆ ಫೋನ್ ಮಾಡಿ, ರಿಫಂಡ್ ಕೊಡುತ್ತೇವೆ ಎಂದವರಿಗೆ ಒಟಿಪಿ ಹೇಳಿ ಹಣ ಕಳೆದುಕೊಂಡವರಿದ್ದಾರೆ. ಹಾಗೇನಾದರೂ ಆಗಿಬಿಟ್ಟರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಅತ್ತಿಗೆಗೆ ಮರುದಿನವೇ ದೂರಿನ ಸಂಖ್ಯೆ ಬಂತು. ಹನ್ನೆರಡನೆಯ ದಿನ ಮಿಕ್ಸರಿನ ಹಣ ಬ್ಯಾಂಕಿಗೆ ಬಂತು. ಉಡುಗೊರೆ ಕಾರ್ಡಿನ ಬಗ್ಗೆ ಮಾತೇ ಇಲ್ಲ. ಅದನ್ನೊಂದನ್ನೇ ಹಿಡಿದು, ಅದೇ ದೂರಿನ ಸಂಖ್ಯೆ ಹಾಕಿ ಇನ್ನೊಮ್ಮೆ ಬರೆದೆವು. ತಿಂಗಳು ತುಂಬಿದರೂ ಉತ್ತರವಿಲ್ಲದಾಗ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದೆವು. consumerhelpline.gov.in ತಾಣದಲ್ಲೂ ದಾಖಲಿಸಬಹುದು. ಸಹಾಯವಾಣಿ ನ್ಯಾಯಾಲಯವಲ್ಲ, ಆಜ್ಞೆ ಮಾಡುವುದಿಲ್ಲ, ದೂರನ್ನು ಕಂಪನಿಗೆ ದಾಟಿಸಿ ಉತ್ತರ ಕೇಳುತ್ತದೆ. ನಮ್ಮ ವಿಷಯದಲ್ಲಿ ಅಷ್ಟೇ ಸಾಕಾಯಿತು, ಒಂದು ವಾರದಲ್ಲಿ 1,150 ರೂಪಾಯಿ ಬಂತು.

ಅದೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಕಂಪನಿಯ ಕಚೇರಿ ಎಲ್ಲೇ ಇರಲಿ, ನಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಡೊಂಬಿವಲಿಯವರಾದ ನಮಗೆ ಅದು ಠಾಣೆ ಜಿಲ್ಲೆ. ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಹೋಗಬೇಕು. ಆದರೆ ಹೋಗುವುದಾದರೆ ಹಣಕ್ಕಾಗಿ ಹೋಗಿ. ಖಾತೆಯನ್ನು ತೆರೆಸಲೆಂದೇ ಹೋಗುವುದನ್ನು ನಾನು ಯಾರಿಗೂ ಹೇಳಲಾರೆ.

ಖಾತೆ ಏನಾಯಿತು ಎಂದು ನೀವು ಕೇಳುತ್ತೀರಿ. ತೆರೆಯಲಿಲ್ಲ. ಇಪ್ಪತ್ತಾರನೆಯ ದಿನ ಬಂದ ಉತ್ತರದಲ್ಲಿ "ಪರಿಶೀಲಿಸಿದ್ದೇವೆ, ನಿರ್ಧಾರ ಬದಲಿಲ್ಲ" ಎಂದಿತ್ತು. ಒಂಬತ್ತು ವಾಪಸುಗಳ ಬಗ್ಗೆ ಒಂದು ಮಾತೂ ಇರಲಿಲ್ಲ. ಅದು ಸರಿಯಲ್ಲ ಎಂದೇ ನಾನು ಈಗಲೂ ಹೇಳುತ್ತೇನೆ. ಗಿರಾಕಿ ಸಾಲು ಸಾಲಾಗಿ ಲೆಕ್ಕ ಕೊಟ್ಟಾಗ ಕಂಪನಿಯೂ ಸಾಲು ಸಾಲಾಗಿ ಉತ್ತರಿಸಬೇಕು. ಖಾತೆ ಮುಚ್ಚುವ ಮೊದಲು ಒಂದು ಎಚ್ಚರಿಕೆಯನ್ನಾದರೂ ಕೊಡಬೇಕಿತ್ತು. ಇದನ್ನೂ ಬರೆದು ಕಳಿಸಿದ್ದೇವೆ, ಕೂಗಾಡದೆ.

ಉಪನ್ಯಾಸದ ಕೊನೆಗೆ ಬಂದ ಎರಡು ಪ್ರಶ್ನೆಗಳನ್ನೂ ಇಲ್ಲಿ ಸೇರಿಸುತ್ತೇನೆ.

ಒಬ್ಬ ಹಿರಿಯರು ಕೇಳಿದರು: "ಯಜಮಾನರ ಹೆಸರಿನ ಖಾತೆಯಿಂದ ತರಿಸಿಕೊಂಡರೆ ಮುಗಿಯಲಿಲ್ಲವೇ?" ಮನೆಯ ವಿಳಾಸ, ಮೊಬೈಲ್, ಕಾರ್ಡು ಇವು ಒಂದೇ ಆಗಿದ್ದರೆ ಎರಡು ಖಾತೆಗಳ ನಂಟು ಕಂಪನಿಗೆ ತಿಳಿಯುತ್ತದೆ. ಯಜಮಾನರು ತಮಗೆ ಬೇಕಾದದ್ದನ್ನು ತರಿಸಿಕೊಳ್ಳಲಿ, ಅದು ಅವರ ವ್ಯವಹಾರ. ಹೆಂಡತಿಯ ಖರೀದಿಯೆಲ್ಲ ಗಂಡನ ಖಾತೆಗೆ ಜಾರಿತು ಎಂದು ಕಂಡರೆ ಅದೂ ಮುಚ್ಚಬಹುದು, ಮತ್ತು ಆಗ ನಮ್ಮ ಪ್ರಾಮಾಣಿಕ ಪತ್ರಕ್ಕೆ ಬೆಲೆಯಿಲ್ಲ. ಬ್ಯಾಂಕಿನ ಮೂಲಕ ಹಣವನ್ನು ಹಿಂದಕ್ಕೆ ಎಳೆಸುವ ಮಾತೂ ಹಾಗೆಯೇ. ವಸ್ತು ವಾಪಸು ಹೋಗಿ, ಹಣ ಬಾರದೆ, ದೂರಿಗೂ ಉತ್ತರವಿಲ್ಲದಿದ್ದರೆ ಆ ಒಂದು ವ್ಯವಹಾರಕ್ಕೆ ಮಾತ್ರ ಬ್ಯಾಂಕಿಗೆ ದೂರು ಕೊಡಿ. ಇಟ್ಟುಕೊಂಡ ವಸ್ತುವಿನ ಹಣವನ್ನೂ ಸಿಟ್ಟಿನಿಂದ ಎಳೆಸಿದರೆ ಅದು ನಿಜವಾದ ಮೋಸ.

ಇನ್ನೊಬ್ಬ ತಾಯಿ ಕೇಳಿದರು: "ಹಾಗಾದರೆ ಒಡೆದದ್ದು ಬಂದರೂ ವಾಪಸು ಮಾಡಲು ಹೆದರಬೇಕೇ?" ಬೇಡ. ಪೊಟ್ಟಣದ ಮೇಲಿನ ವಿಳಾಸದ ಚೀಟಿ ಮೊದಲು ಕಾಣುವಂತೆ ಹಿಡಿದು, ಬಿಚ್ಚುವುದನ್ನು ನಡುವೆ ನಿಲ್ಲಿಸದೆ ಮೊಬೈಲ್‌ನಲ್ಲಿ ಚಿತ್ರಿಸಿಕೊಳ್ಳಿ. ದೋಷವನ್ನು ಹತ್ತಿರದಿಂದ ತೋರಿಸಿ. ಕಾರಣ ಕೇಳಿದಾಗ ಇದ್ದದ್ದನ್ನೇ ಒತ್ತಿ, ಕೆಳಗೆ ಜಾಗ ಕೊಟ್ಟಿದ್ದರೆ ಒಂದು ಸಾಲು ಬರೆಯಿರಿ. ತಡವಾಗಿದ್ದರೆ ತಡವೆಂದೇ ಬರೆಯಿರಿ. ವಸ್ತುವನ್ನು ಒಯ್ಯುವವರಿಂದ ಬಂದ ಸಂದೇಶವನ್ನು ಹಣ ಬರುವವರೆಗೆ ಅಳಿಸಬೇಡಿ.

ಆಗ ಮೂರನೆಯ ಸಾಲಿನಿಂದ ಅತ್ತಿಗೆ ಎದ್ದು ನಿಂತರು. "ಬಟ್ಟೆಯನ್ನು ಈಗ ನಾನು ಫಡಕೆ ರಸ್ತೆಯಲ್ಲೇ ನೋಡಿ, ಹಿಡಿದು, ಮೈಗಿಟ್ಟು ತರುತ್ತೇನೆ" ಎಂದರು. "ಮಿಕ್ಸರನ್ನು ಮಾತ್ರ ಬೇರೆ ಆ್ಯಪ್‌ನಿಂದ ತರಿಸಿದೆ. ಮೊಮ್ಮಗಳು ಚಿತ್ರ ಹಿಡಿದಳು, ನಾನು ಬಿಚ್ಚಿದೆ. ಜಾರ್‌ಗೆ ನೀರು ಹಾಕಿ ನೋಡಿದೆ. ಸೋರಲಿಲ್ಲ."